ಕೈಗೆ ಬಾರದ ಬಡ್ಡಿ, ಹೆಸರಿಗೆ ಜಮೆಯಾಗುವ ತೆರಿಗೆ

"ಒಂದು ಪೈಸಾ ಬಂದಿಲ್ಲ, ಅರವತ್ತು ಸಾವಿರ ಆದಾಯ ಅಂತ ಬರ್ದೀರಲ್ರೀ. ಬರಲಾರದ ರೊಕ್ಕಕ್ಕ ತೆರಿಗಿ ಕಟ್ಟೂದು ಯಾವ ನ್ಯಾಯ?"

2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಪಂಪ್‌ಸೆಟ್ ಅಂಗಡಿಯೊಂದರ ಹಿರಿಯ ಪಾಲುದಾರರು ಹೀಗೆ ಕೇಳಿದರು. ಅಣ್ಣ ತಮ್ಮ ಇಬ್ಬರೂ ಸೇರಿ ನಡೆಸುವ ಪಾಲುದಾರಿಕೆ ಸಂಸ್ಥೆ ಅದು. ನಾನು ಬಹಳ ವರ್ಷಗಳಿಂದ ಅವರ ಲೆಕ್ಕ ಬರೆಯುತ್ತಿದ್ದೇನೆ. 2024ರ ಅಕ್ಟೋಬರ್ 1ರಂದು ಅವರು ಗಂಗಾವತಿ ಕಡೆಯ ಒಂದು ಅಕ್ಕಿ ಗಿರಣಿಗೆ 10 ಲಕ್ಷ ರೂಪಾಯಿ ಸಾಲ ಕೊಟ್ಟಿದ್ದರು. ಅದೂ ಪಾಲುದಾರಿಕೆ ಸಂಸ್ಥೆಯೇ. ಸುಗ್ಗಿಗೆ ಮುಂಚೆ ಭತ್ತದ ಖರೀದಿಗೆ ಗಿರಣಿಯವರಿಗೆ ಹಣ ಬೇಕಿತ್ತು, ಇವರ ಬ್ಯಾಂಕಿನಲ್ಲಿ ಹಣ ಸುಮ್ಮನೆ ಬಿದ್ದಿತ್ತು. ವರ್ಷಕ್ಕೆ ಶೇ. 12 ಸರಳ ಬಡ್ಡಿ, ತಿಂಗಳ ಲೆಕ್ಕ, ಬಡ್ಡಿಯನ್ನು ವರ್ಷಕ್ಕೊಮ್ಮೆ ಸೆಪ್ಟೆಂಬರ್ 30ಕ್ಕೆ ಕೊಡುವುದು ಎಂದು ಛಾಪಾ ಕಾಗದದ ಮೇಲೆ ಬರೆದುಕೊಂಡಿದ್ದರು. ಹಣ ಬ್ಯಾಂಕಿನಿಂದ ಬ್ಯಾಂಕಿಗೇ ಹೋಗಿತ್ತು.

ಅವರ ಪ್ರಶ್ನೆ ಸಣ್ಣದಲ್ಲ. ವ್ಯಾಪಾರಿಗಳು ಒಬ್ಬರಿಗೊಬ್ಬರು ಸಾಲ ಕೊಡುವಾಗ ಬಡ್ಡಿಯ ದರ, ಜಾಮೀನು, ವಾಯಿದೆ ಎಲ್ಲವನ್ನೂ ಮಾತಾಡುತ್ತಾರೆ. ಮಾರ್ಚ್ 31ರ ರಾತ್ರಿ ಎರಡೂ ಕಡೆಯ ಪುಸ್ತಕಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ಮಾತ್ರ ಯಾರೂ ಮಾತಾಡುವುದಿಲ್ಲ. ತಕರಾರು ಹುಟ್ಟುವುದೇ ಅಲ್ಲಿ.

ಬಡ್ಡಿಗೆ ಹಗಲಿಲ್ಲ, ರಾತ್ರಿಯಿಲ್ಲ, ಭಾನುವಾರವಿಲ್ಲ. ಅಕ್ಟೋಬರ್ 1ರಿಂದ ಅದು ಬೆಳೆಯುತ್ತಲೇ ಇತ್ತು. ಮಾರ್ಚ್ ಮುಗಿಯುವಾಗ ಆರು ತಿಂಗಳು, ತಿಂಗಳಿಗೆ 10,000ದಂತೆ 60,000 ರೂಪಾಯಿ ಆಗಿತ್ತು. ಕೊಡುವ ದಿನ ಇನ್ನೂ ಬಂದಿಲ್ಲ, ನಿಜ. ಆದರೆ ಆ ಆರು ತಿಂಗಳು ಇವರ ಹಣವನ್ನು ಗಿರಣಿಯವರು ಬಳಸಿಯಾಗಿದೆ, ಅದರ ಬೆಲೆ ಇವರಿಗೆ ಸಲ್ಲಬೇಕಾದದ್ದಾಗಿದೆ. ನಮ್ಮಲ್ಲಿ ಹೆಚ್ಚಿನ ಅಂಗಡಿಗಳು ಲೆಕ್ಕ ಇಡುವ ಕ್ರಮದಲ್ಲಿ ಮಾಲು ಉದ್ದರಿ ಕೊಟ್ಟ ದಿನವೇ ಮಾರಾಟ ಬರೆಯುತ್ತಾರಲ್ಲ, ಹಣ ಆಮೇಲೆ ಬಂದರೂ ಸರಿ. ಬಡ್ಡಿಗೂ ಅದೇ ಕ್ರಮ. ಆದ್ದರಿಂದ ಮಾರ್ಚ್ 31ಕ್ಕೆ ನಾನು ಬರೆದ ಮೊದಲ ನಮೂದು ಇದು: "ಬರಬೇಕಾದ ಬಡ್ಡಿ" ಖಾತೆಗೆ 60,000 ಡೆಬಿಟ್, "ಬಡ್ಡಿ ಆದಾಯ" ಖಾತೆಗೆ 60,000 ಕ್ರೆಡಿಟ್. ಸಾಲದ ಅಸಲಿನ ಖಾತೆಯನ್ನು ಮುಟ್ಟಲಿಲ್ಲ, ಅದು 10 ಲಕ್ಷದಲ್ಲೇ ನಿಂತಿತು. ಬಡ್ಡಿಯನ್ನು ಅಸಲಿನ ಖಾತೆಗೇ ಸೇರಿಸಿಬಿಡುವವರಿದ್ದಾರೆ. ಹಾಗೆ ಮಾಡಿದರೆ ಮುಂದಿನ ವರ್ಷ ಬಡ್ಡಿಗೂ ಬಡ್ಡಿ ಲೆಕ್ಕ ಹಾಕಬೇಕೇ ಎಂಬ ಜಗಳ ಏಳುತ್ತದೆ. ಕರಾರಿನಲ್ಲಿ ಚಕ್ರಬಡ್ಡಿ ಎಂದು ಇಲ್ಲದಿದ್ದರೆ ಎರಡನ್ನೂ ಬೇರೆ ಬೇರೆ ಇಡುವುದೇ ಕ್ಷೇಮ.

ಈಗ ಗಿರಣಿಯ ಪುಸ್ತಕಕ್ಕೆ ಬರೋಣ. ಅವರಿಗೆ ಈ 60,000 ವೆಚ್ಚ. ತಮ್ಮ ಲಾಭದಿಂದ ಅದನ್ನು ಕಳೆಯಬೇಕಾದ್ದರಿಂದ ಅವರೂ ಮಾರ್ಚ್ 31ಕ್ಕೆ ಅದನ್ನು ಬರೆಯುತ್ತಾರೆ. ಬರೆದ ಕ್ಷಣಕ್ಕೇ ಅವರ ಮೇಲೆ ಒಂದು ಹೊಣೆ ಬೀಳುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 194ಎ ಕಲಮಿನ ಪ್ರಕಾರ ಬಡ್ಡಿ ಕೊಡುವವರು ಅದರಲ್ಲಿ ಶೇ. 10ರಷ್ಟು ತೆರಿಗೆಯನ್ನು ಮೂಲದಲ್ಲೇ ಕಡಿದು, ಸಾಲ ಕೊಟ್ಟವರ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟಬೇಕು. ನಾವೆಲ್ಲ ಟಿಡಿಎಸ್ ಎನ್ನುವುದು ಇದನ್ನೇ. ಕಡಿಯಬೇಕಾದ ದಿನ ಯಾವುದು? ಹಣ ಕೊಟ್ಟ ದಿನ ಅಥವಾ ಖಾತೆಗೆ ಜಮೆ ಬರೆದ ದಿನ, ಎರಡರಲ್ಲಿ ಯಾವುದು ಮೊದಲೋ ಅದು. ಸಾಲ ಕೊಟ್ಟವರ ಹೆಸರಿನ ಖಾತೆಗೆ ಬರೆಯದೆ "ಕೊಡಬೇಕಾದ ಬಡ್ಡಿ" ಎಂದೋ "ಸಸ್ಪೆನ್ಸ್" ಎಂದೋ ಬೇರೆ ಖಾತೆಗೆ ಬರೆದರೂ ಅದು ಜಮೆ ಮಾಡಿದಂತೆಯೇ ಎಂದು ಅದೇ ಕಲಮು ಬಿಡಿಸಿ ಹೇಳುತ್ತದೆ. ಅಂದರೆ ಸೆಪ್ಟೆಂಬರ್‌ನಲ್ಲಿ ಹಣ ಕೊಡುವಾಗ ಒಮ್ಮೆಗೇ ಕಡಿಯುತ್ತೇವೆ ಎನ್ನುವಂತಿಲ್ಲ.

ಈ ಹೊಣೆ ಎಲ್ಲರಿಗೂ ಇಲ್ಲ. ಸಾಲ ಪಡೆದವರು ಒಬ್ಬ ವ್ಯಕ್ತಿಯೋ ಹಿಂದೂ ಅವಿಭಕ್ತ ಕುಟುಂಬವೋ ಆಗಿದ್ದರೆ, ಹಿಂದಿನ ವರ್ಷದ ವಹಿವಾಟು 1 ಕೋಟಿ ದಾಟಿದ್ದರೆ ಮಾತ್ರ ಕಡಿಯಬೇಕು. ವೃತ್ತಿಯವರಾದರೆ ಆ ಮಿತಿ 50 ಲಕ್ಷ. ಪಾಲುದಾರಿಕೆ ಸಂಸ್ಥೆಗೂ ಕಂಪನಿಗೂ ಅಂಥ ಮಿತಿಯಿಲ್ಲ, ಎಷ್ಟೇ ಚಿಕ್ಕದಾದರೂ ಕಡಿಯಲೇಬೇಕು. ವರ್ಷದ ಬಡ್ಡಿ 5,000 ರೂಪಾಯಿ ದಾಟದಿದ್ದರೆ ಆಗ ಕಡಿತವಿರಲಿಲ್ಲ. 2025ರ ಏಪ್ರಿಲ್ 1ರಿಂದ ಆ ಅಂಕಿಯನ್ನು 10,000ಕ್ಕೆ ಏರಿಸಿದ್ದಾರೆ. ಸಾಲ ಕೊಟ್ಟವರು ಪ್ಯಾನ್ ಸಂಖ್ಯೆ ಕೊಡದಿದ್ದರೆ ಕಡಿತ ಶೇ. 20ಕ್ಕೆ ಹೋಗುತ್ತದೆ. ಮನೆಯ ಹಿರಿಯರು ಬ್ಯಾಂಕಿಗೆ ಕೊಡುವ 15ಜಿ, 15ಎಚ್ ನಮೂನೆಗಳನ್ನು ಕೊಟ್ಟು ಕಡಿತ ತಪ್ಪಿಸಿಕೊಳ್ಳುವ ದಾರಿ ಪಾಲುದಾರಿಕೆ ಸಂಸ್ಥೆಗೆ ಇಲ್ಲ.

ಗಿರಣಿಯ ಗುಮಾಸ್ತರು ಮಾರ್ಚ್ 31ಕ್ಕೆ 60,000 ಬಡ್ಡಿ ಬರೆದು, 6,000 ಕಡಿದು, 54,000ವನ್ನು ನಮ್ಮವರ ಹೆಸರಿಗೆ ಜಮೆ ಮಾಡಿದ್ದೇವೆಂದು ಫೋನಿನಲ್ಲಿ ತಿಳಿಸಿದರು. ಆಗ ನಾನು ಎರಡನೆಯ ನಮೂದು ಬರೆದೆ: "ಬರಬೇಕಾದ ಟಿಡಿಎಸ್" ಖಾತೆಗೆ 6,000 ಡೆಬಿಟ್, "ಬರಬೇಕಾದ ಬಡ್ಡಿ" ಖಾತೆಗೆ 6,000 ಕ್ರೆಡಿಟ್. ಈಗ ನಮ್ಮ ಬ್ಯಾಲೆನ್ಸ್ ಶೀಟಿನ ಆಸ್ತಿ ಬದಿಯಲ್ಲಿ ಮೂರು ಸಾಲುಗಳು ನಿಂತವು. ಗಿರಣಿಗೆ ಕೊಟ್ಟ ಸಾಲ 10,00,000, ಗಿರಣಿಯಿಂದ ಬರಬೇಕಾದ ಬಡ್ಡಿ 54,000, ಸರ್ಕಾರದ ಬಳಿ ನಮ್ಮ ಹೆಸರಿನಲ್ಲಿರುವ ತೆರಿಗೆ 6,000. ಮೂರನೆಯ ಸಾಲನ್ನು ಕೊಡಬೇಕಾದವರು ಗಿರಣಿಯವರಲ್ಲ. ಅದು ನಾವು ಕಟ್ಟಬೇಕಾದ ತೆರಿಗೆಯ ಮುಂಗಡ, ನಮ್ಮ ಪರವಾಗಿ ಅವರ ಕೈಯಿಂದ ಹೋದದ್ದು.

ಇಲ್ಲಿ ನಾನು ಅತಿ ಹೆಚ್ಚು ಸಲ ಕಂಡ ತಪ್ಪೊಂದನ್ನು ಹೇಳಲೇಬೇಕು. ಸಿಗುವುದು 54,000 ತಾನೇ ಎಂದು ಆದಾಯವನ್ನೂ 54,000 ಎಂದೇ ಬರೆದುಬಿಡುವುದು. ಆದಾಯ 60,000ವೇ. ಕಡಿದ 6,000ವೂ ಸಾಲ ಕೊಟ್ಟವರ ಕೈ ಸೇರಿದ ಆದಾಯ ಎಂದೇ ಕಾಯ್ದೆ ಎಣಿಸುತ್ತದೆ. 54,000 ತೋರಿಸಿ ಮತ್ತೆ 6,000 ಟಿಡಿಎಸ್ ಕೂಡ ಕೇಳಿದರೆ ಒಂದೇ ಹಣವನ್ನು ಎರಡು ಸಲ ಕಳೆದಂತೆ. ಇಲಾಖೆಯ ಬಳಿ ಗಿರಣಿಯವರು ಸಲ್ಲಿಸಿದ 60,000ದ ಅಂಕಿ ಇರುತ್ತದೆ. ಅದು ನಮ್ಮ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ, ಎಂದರೆ ಎಐಎಸ್‌ನಲ್ಲಿ, ಎದ್ದು ಕಾಣುತ್ತದೆ. ಅಂಕಿ ತಾಳೆಯಾಗದಿದ್ದರೆ ವಿವರಣೆ ಕೇಳುತ್ತಾರೆ.

ಹಿರಿಯರಿಗೆ ಇನ್ನೊಂದು ನಂಬಿಕೆಯಿತ್ತು. "ಹತ್ತು ಪರ್ಸೆಂಟ್ ಕಡದಾರಲ್ರೀ, ಅಲ್ಲಿಗೆ ತೆರಿಗಿ ಮುಗೀತಲ್ಲ?" ಮುಗಿಯುವುದಿಲ್ಲ. ಪಾಲುದಾರಿಕೆ ಸಂಸ್ಥೆಗೆ ತೆರಿಗೆ ಶೇ. 30, ಅದರ ಮೇಲೆ ಶೇ. 4 ಸೆಸ್, ಒಟ್ಟು ಶೇ. 31.2. ಅರವತ್ತು ಸಾವಿರಕ್ಕೆ 18,720 ರೂಪಾಯಿ. ಕಡಿದ 6,000 ಕಳೆದರೆ ಇನ್ನೂ 12,720 ಉಳಿಯಿತು. ಬಡ್ಡಿ ಕೈಗೆ ಬರಲು ಆರು ತಿಂಗಳಿದೆ, ಈ ಹಣವನ್ನು ಅಂಗಡಿಯ ಗಲ್ಲಾದಿಂದಲೇ ತೆಗೆದು ಕಟ್ಟಬೇಕು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಇದು ನಿಜವಾದ ಭಾರ. ಸಾಲ ಕೊಡುವ ಮೊದಲೇ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು. ಬಡ್ಡಿಯ ವಾಯಿದೆಯನ್ನು ಸೆಪ್ಟೆಂಬರ್ 30ರ ಬದಲು ಮಾರ್ಚ್ 31ಕ್ಕೆ ಇಟ್ಟಿದ್ದರೆ, ಅಥವಾ ಮೂರು ತಿಂಗಳಿಗೊಮ್ಮೆ ಕೊಡುವಂತೆ ಬರೆದುಕೊಂಡಿದ್ದರೆ, ತೆರಿಗೆ ಕಟ್ಟುವ ಹೊತ್ತಿಗೆ ಹಣ ಕೈಯಲ್ಲಿರುತ್ತಿತ್ತು. ಈಗ ಯಾರು ನನ್ನ ಬಳಿ ಇಂಥ ಕರಾರು ತಂದರೂ ಮೊದಲು ನೋಡುವುದು ಬಡ್ಡಿಯ ದರವನ್ನಲ್ಲ, ಬಡ್ಡಿ ಕೊಡುವ ತಾರೀಖನ್ನು.

ನಗದು ಬಂದಾಗಲೇ ಆದಾಯ ಬರೆಯುವ ಕ್ರಮವನ್ನೂ ಕಾಯ್ದೆ ಒಪ್ಪುತ್ತದೆ. ಆ ಕ್ರಮವನ್ನು ವರ್ಷ ವರ್ಷವೂ ಬಿಡದೆ ಪಾಲಿಸುವವರು ಈ 60,000ವನ್ನು ಹಣ ಬಂದ ವರ್ಷದಲ್ಲಿ ತೋರಿಸಬಹುದು. ಆದರೆ ಆಗ ಈ ವರ್ಷ ಕಡಿದ 6,000ವನ್ನು ಈ ವರ್ಷವೇ ಕೇಳುವಂತಿಲ್ಲ. ಆದಾಯ ಯಾವ ವರ್ಷವೋ ತೆರಿಗೆಯ ಜಮೆಯೂ ಅದೇ ವರ್ಷ ಎಂಬುದು 37ಬಿಎ ನಿಯಮ. ರಿಟರ್ನ್ ನಮೂನೆಯ ಟಿಡಿಎಸ್ ಪಟ್ಟಿಯಲ್ಲಿ ಮುಂದಿನ ವರ್ಷಕ್ಕೆ ಒಯ್ಯುವ ಅಂಕಣ ಇರುವುದು ಇದಕ್ಕಾಗಿಯೇ. ಅಲ್ಲಿ ತುಂಬಲು ಮರೆತವರು ಮರುವರ್ಷ ಪರದಾಡುತ್ತಾರೆ. ನಮ್ಮ ಅಂಗಡಿಯದು ನಗದು ಕ್ರಮವಲ್ಲ, ಆದ್ದರಿಂದ ಆ ದಾರಿ ನಮಗಿರಲಿಲ್ಲ.

ಇನ್ನು ಆ 6,000 ನಿಜವಾಗಿ ಸರ್ಕಾರಕ್ಕೆ ಹೋಯಿತೇ? ಮಾರ್ಚ್ ತಿಂಗಳಲ್ಲಿ ಕಡಿದದ್ದನ್ನು ಏಪ್ರಿಲ್ 30ರೊಳಗೆ ಕಟ್ಟಬೇಕು. ಬೇರೆ ತಿಂಗಳದ್ದಾದರೆ ಮುಂದಿನ ತಿಂಗಳ 7ನೇ ತಾರೀಖು. ಕಟ್ಟಿದ ಮೇಲೆ ಯಾರ ಪ್ಯಾನ್‌ಗೆ ಎಷ್ಟು ಎಂದು ಮೂರು ತಿಂಗಳಿಗೊಮ್ಮೆ 26ಕ್ಯೂ ಎಂಬ ಪಟ್ಟಿ ಸಲ್ಲಿಸಬೇಕು, ಜನವರಿಯಿಂದ ಮಾರ್ಚ್‌ವರೆಗಿನದಕ್ಕೆ ಮೇ 31 ಕೊನೆಯ ದಿನ. ಆ ಪಟ್ಟಿ ಹೋದ ಮೇಲಷ್ಟೇ ನಮ್ಮ ಹೆಸರಿನ 26ಎಎಸ್ ಎಂಬ ತೆರಿಗೆ ಪಾಸ್‌ಬುಕ್ಕಿನಲ್ಲಿ ಅಂಕಿ ಮೂಡುತ್ತದೆ. ಜೂನ್ 15ರೊಳಗೆ 16ಎ ಎಂಬ ಪ್ರಮಾಣಪತ್ರವೂ ನಮಗೆ ಸಿಗಬೇಕು.

ಜೂನ್ 20ರಂದು ನಾನು 26ಎಎಸ್ ತೆರೆದರೆ ಬ್ಯಾಂಕಿನ ಠೇವಣಿ ಬಡ್ಡಿಯ ಕಡಿತ ಬಿಟ್ಟರೆ ಬೇರೇನೂ ಇರಲಿಲ್ಲ. ಗಿರಣಿಗೆ ಫೋನ್ ಮಾಡಿದೆ. ಗುಮಾಸ್ತರು ಪುಸ್ತಕದಲ್ಲಿ ಕಡಿದದ್ದು ನಿಜ, ಕಟ್ಟಿರಲಿಲ್ಲ. "ನಮ್ಮ ಹತ್ರ ಟ್ಯಾನ್ ಇಲ್ರೀ ಸರ. ಈ ಮೊದ್ಲ ಯಾರಿಗೂ ಕಡದಿಲ್ಲ," ಎಂದರು. ತೆರಿಗೆ ಕಡಿಯುವವರಿಗೆ ಪ್ಯಾನ್ ಸಾಲದು, ಟ್ಯಾನ್ ಎಂಬ ಬೇರೆ ಸಂಖ್ಯೆ ಬೇಕು. ಅದಿಲ್ಲದೆ ಚಲನ್ ಕಟ್ಟಲಾಗದು, ಪಟ್ಟಿಯನ್ನೂ ಸಲ್ಲಿಸಲಾಗದು. ಬ್ಯಾಂಕ್ ಸಾಲ ಬಿಟ್ಟು ಬೇರೆಯವರಿಂದ ಮೊದಲ ಬಾರಿ ಸಾಲ ಪಡೆದ ಸಣ್ಣ ಉದ್ದಿಮೆಗಳಲ್ಲಿ ಇದು ತೀರಾ ಸಾಮಾನ್ಯ, ಏಕೆಂದರೆ ಬ್ಯಾಂಕಿಗೆ ಕೊಡುವ ಬಡ್ಡಿಗೆ ಈ ಕಡಿತವಿಲ್ಲ.

ಅವರು ಟ್ಯಾನ್ ಪಡೆದು ಹಣ ಕಟ್ಟಿ ಪಟ್ಟಿ ಸಲ್ಲಿಸಿದ್ದು ಜುಲೈ 10ಕ್ಕೆ. ಅಷ್ಟರಲ್ಲಿ ಅವರ ಮೇಲೆ ಬಿದ್ದ ಭಾರ ನೋಡಿ. ಕಡಿದು ಕಟ್ಟದ ಹಣಕ್ಕೆ ತಿಂಗಳಿಗೆ ಶೇ. 1.5 ಬಡ್ಡಿ. ಪಟ್ಟಿ ತಡವಾದದ್ದಕ್ಕೆ ದಿನಕ್ಕೆ 200 ರೂಪಾಯಿ. ಮೇ 31ರಿಂದ ಲೆಕ್ಕ ಹಾಕಿದರೆ 40 ದಿನ, 8,000 ಆಗುತ್ತಿತ್ತು. ಈ ಶುಲ್ಕ ತೆರಿಗೆಯ ಮೊತ್ತವನ್ನು ಮೀರುವಂತಿಲ್ಲ ಎಂಬ ಮಿತಿ ಇರುವುದರಿಂದ 6,000ಕ್ಕೆ ನಿಂತಿತು. ಆರು ಸಾವಿರ ತಡವಾಗಿ ಕಟ್ಟಿದ್ದಕ್ಕೆ ಮತ್ತೆ ಆರು ಸಾವಿರ. ಕಡಿಯದೆಯೇ ಬಿಟ್ಟಿದ್ದರೆ ಬೇರೊಂದು ಪೆಟ್ಟು ಕಾದಿತ್ತು. 60,000 ಬಡ್ಡಿ ವೆಚ್ಚದಲ್ಲಿ ಶೇ. 30, ಅಂದರೆ 18,000ವನ್ನು ಆ ವರ್ಷ ವೆಚ್ಚವೆಂದು ಒಪ್ಪುವುದಿಲ್ಲ, ಅದಕ್ಕೂ ತೆರಿಗೆ ಕಟ್ಟಬೇಕು. ಸಾಲ ಪಡೆದವರಿಗೆ ಈ ಅಂಕಿಗಳನ್ನು ಮೊದಲೇ ತೋರಿಸಿದರೆ ಬೇರೆ ಒತ್ತಾಯ ಬೇಕಾಗುವುದಿಲ್ಲ. ನಾನು ಏಪ್ರಿಲ್‌ನಲ್ಲೇ ಟ್ಯಾನ್ ಇದೆಯೇ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಕಡಿದವರು ಕೊನೆಗೂ ಕಟ್ಟದೆ ಹೋದರೆ? ಕಡಿತವಾದ ತೆರಿಗೆಯನ್ನು ಮತ್ತೆ ಸಾಲ ಕೊಟ್ಟವರಿಂದ ವಸೂಲಿ ಮಾಡುವಂತಿಲ್ಲ ಎಂದು ಕಾಯ್ದೆಯ 205ನೇ ಕಲಮು ಹೇಳುತ್ತದೆ. ಅಂಥ ಬಾಕಿಯನ್ನು ಒತ್ತಾಯದಿಂದ ವಸೂಲು ಮಾಡಬೇಡಿ ಎಂದು ಕೇಂದ್ರ ನೇರ ತೆರಿಗೆ ಮಂಡಳಿ 2015ರಲ್ಲಿ ಅಧಿಕಾರಿಗಳಿಗೆ ಸೂಚನೆಯನ್ನೂ ಕೊಟ್ಟಿದೆ. ಆದರೆ ಕಂಪ್ಯೂಟರ್ ನೋಡುವುದು 26ಎಎಸ್ ಅನ್ನು. ಅಲ್ಲಿ ಇಲ್ಲದ ಜಮೆಯನ್ನು ಅದು ಕೊಡುವುದಿಲ್ಲ, ಬಾಕಿ ಕಟ್ಟಿ ಎಂದು ನೋಟಿಸ್ ಬರುತ್ತದೆ. ಆಗ ಕಡಿತ ಆಗಿತ್ತೆಂದು ತೋರಿಸುವ ಕೆಲಸ ನಮ್ಮದು. ಹಣ ಬಂದಿದ್ದರೆ ಬ್ಯಾಂಕ್ ಪಾಸ್‌ಬುಕ್ಕೇ ಸಾಕ್ಷಿ, ಬರಬೇಕಾದಷ್ಟರಲ್ಲಿ ಶೇ. 10 ಕಡಿಮೆ ಬಂದದ್ದು ಕಾಣುತ್ತದೆ. ನಮ್ಮ ಪ್ರಕರಣದಂತೆ ಬಡ್ಡಿ ಬರೀ ಪುಸ್ತಕದಲ್ಲಿ ಜಮೆಯಾಗಿದ್ದರೆ ಸಾಲ ಪಡೆದವರ ಸಹಿಯಿರುವ ಖಾತೆಯ ನಕಲು ಬಿಟ್ಟರೆ ಬೇರೆ ಆಧಾರವಿಲ್ಲ. ಅದಕ್ಕಾಗಿ ಪ್ರತಿ ಏಪ್ರಿಲ್‌ನಲ್ಲಿ ಅಸಲು, ಬಡ್ಡಿ, ಕಡಿತ ಮೂರನ್ನೂ ಬಿಡಿಸಿ ಬರೆದ ಖಾತೆ ದೃಢೀಕರಣ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತೇನೆ.

ಹಣ ಸರಿಯಾಗಿ ಹೋಗಿಯೂ ಸಿಗದ ಪ್ರಸಂಗಗಳಿವೆ. ನಮ್ಮ ಗಿರಣಿಯವರ ಮೊದಲ ಪಟ್ಟಿಯಲ್ಲೇ ಅದು ಆಯಿತು. ಅವರು ಸಂಸ್ಥೆಯ ಪ್ಯಾನ್ ಬದಲು ಹಿರಿಯ ಪಾಲುದಾರರ ಸ್ವಂತ ಪ್ಯಾನ್ ಹಾಕಿದ್ದರು, ಹಳೆಯ ಪರಿಚಯದಲ್ಲಿ ಯಾವಾಗಲೋ ಪಡೆದುಕೊಂಡದ್ದು. ಸಾಲ ಹೋದದ್ದು ಸಂಸ್ಥೆಯ ಖಾತೆಯಿಂದ, ಆದಾಯ ತೋರಿಸಿದ್ದು ಸಂಸ್ಥೆ, ತೆರಿಗೆ ಮಾತ್ರ ಅಣ್ಣನ ಹೆಸರಿಗೆ ಕೂತಿತು. ಅಣ್ಣನ ಎಐಎಸ್‌ನಲ್ಲಿ ಅವರಿಗೆ ಸಂಬಂಧವೇ ಇಲ್ಲದ 60,000 ಬಡ್ಡಿ ಕಾಣಿಸಿಕೊಂಡಿತು. ಇದನ್ನು ನಾವು ಇಲ್ಲಿಂದ ಸರಿಪಡಿಸಲಾಗದು. ಪಟ್ಟಿ ಸಲ್ಲಿಸಿದವರೇ ತಿದ್ದುಪಡಿ ಪಟ್ಟಿ ಹಾಕಬೇಕು. ಹಾಕಿಸಿದೆವು. ಎರಡು ವಾರದ ಮೇಲೆ ಸಂಸ್ಥೆಯ 26ಎಎಸ್‌ನಲ್ಲಿ ಸಾಲು ಮೂಡಿತು: ಕೊಟ್ಟ ಅಥವಾ ಜಮೆಯಾದ ಮೊತ್ತ 60,000, ಕಡಿದದ್ದು 6,000, ಕಟ್ಟಿದ್ದು 6,000, ಸ್ಥಿತಿಯ ಅಂಕಣದಲ್ಲಿ `F`. ಆ ಅಕ್ಷರ ಇದ್ದರೆ ಕಟ್ಟಿದ ಹಣವೂ ಪಟ್ಟಿಯೂ ತಾಳೆಯಾಗಿವೆ ಎಂದರ್ಥ. `U` ಇದ್ದರೆ ತಾಳೆಯಾಗಿಲ್ಲ.

ಗಿರಣಿಯವರು ಮಾರ್ಚ್‌ನಲ್ಲಿ ಬಡ್ಡಿಯನ್ನೇ ಬರೆಯದೆ, ಸೆಪ್ಟೆಂಬರ್‌ನಲ್ಲಿ ಪೂರ್ತಿ 1,20,000ಕ್ಕೆ 12,000 ಕಡಿದಿದ್ದರೆ ಏನಾಗುತ್ತಿತ್ತು? ನಾವು 60,000ವನ್ನು ಹಿಂದಿನ ವರ್ಷದ ಆದಾಯವೆಂದು ತೋರಿಸಿ ಪೂರ್ತಿ ತೆರಿಗೆ ಕಟ್ಟಿಯಾಗಿರುತ್ತಿತ್ತು, ಅದರ ಪಾಲಿನ 6,000 ಕಡಿತ ಮಾತ್ರ ಮರುವರ್ಷ ಬರುತ್ತಿತ್ತು. ಮೊದಲೆಲ್ಲ ಇದಕ್ಕೆ ಒಳ್ಳೆಯ ಪರಿಹಾರವೇ ಇರಲಿಲ್ಲ. 2023ರ ಅಕ್ಟೋಬರ್‌ನಿಂದ 71 ಎಂಬ ನಮೂನೆ ಬಂದಿದೆ. ಆದಾಯವನ್ನು ಮೊದಲೇ ತೋರಿಸಿದ್ದು, ಕಡಿತ ತಡವಾಗಿ ಆಗಿದ್ದರೆ, ಕಡಿತವಾದ ಹಣಕಾಸು ವರ್ಷ ಮುಗಿದ ಎರಡು ವರ್ಷದೊಳಗೆ ಅದನ್ನು ಸಲ್ಲಿಸಿ ಹಿಂದಿನ ವರ್ಷದ ಲೆಕ್ಕದಲ್ಲೇ ಜಮೆ ಕೇಳಬಹುದು. ನಾನು ಮೇಲೆ ಹೇಳಿದ ಕಲಮುಗಳು, ನಮೂನೆಗಳು 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು, ಬಡ್ಡಿಯ ಮೇಲೆ ಮೂಲದಲ್ಲಿ ಕಡಿತದ ವಿಷಯ ಅದರ 393ನೇ ಕಲಮಿಗೆ ಸೇರಿದೆ. ಇನ್ನು ಮುಂದಿನ ಬಡ್ಡಿಗೆ ಹೊಸ ಅಂಕಿಗಳನ್ನೇ ನೋಡಬೇಕು.

2025ರ ಸೆಪ್ಟೆಂಬರ್ 30ರ ಮಧ್ಯಾಹ್ನ ಅಂಗಡಿಯ ಬ್ಯಾಂಕ್ ಖಾತೆಗೆ 1,08,000 ಬಂತು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೊಂದು 60,000 ಬೆಳೆದಿತ್ತು, ಅದರಲ್ಲೂ 6,000 ಕಡಿದು 54,000, ಹಳೆಯ 54,000 ಸೇರಿ ಇಷ್ಟು. "ಬರಬೇಕಾದ ಬಡ್ಡಿ" ಖಾತೆ ಸೊನ್ನೆಗೆ ಬಂತು. ಹಿರಿಯರು ಮೊಬೈಲಿನ ಸಂದೇಶ ತೋರಿಸಿ, "ಒಂದು ಲಕ್ಷ ಇಪ್ಪತ್ತು ಸಾವಿರದಾಗ ಹನ್ನೆರಡು ಸಾವಿರ ಕಮ್ಮಿ ಐತಿ. ಆರು ಸಿಕ್ತು ಅಂದ್ರಿ. ಇನ್ನ ಆರು?" ಎಂದರು. ಗಿರಣಿಯವರು ಅಕ್ಟೋಬರ್ 7ರೊಳಗೆ ಕಟ್ಟಬೇಕು, 31ರೊಳಗೆ ಪಟ್ಟಿ ಹಾಕಬೇಕು, ನವೆಂಬರ್ 15ರೊಳಗೆ ಪ್ರಮಾಣಪತ್ರ ಕೊಡಬೇಕು ಎಂದು ಹೇಳಿದೆ. ಅವರು ಗಲ್ಲಾದೊಳಗಿನ ಡೈರಿ ತೆಗೆದು ಮೂರು ತಾರೀಖುಗಳನ್ನೂ ಬರೆದುಕೊಂಡರು. ಅಕ್ಟೋಬರ್ 8ರ ಬೆಳಿಗ್ಗೆ ಗಿರಣಿಗೆ ಫೋನ್ ಮಾಡಿ ಚಲನ್ ನಕಲು ಕಳಿಸಿ ಎಂದು ಕೇಳಿದವರು ಅವರೇ.